ಇಲ್ಲದ ಊರಿನ ವ್ಯಾಕರಣ

ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಪ್ರಕಟಿಸಿದ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯಲ್ಲಿ ಕುದುರೆಯ ಮೇಲೇ ಬದುಕುವ ಒಂದು ಅಲೆಮಾರಿ ಜನಾಂಗ ಬರುತ್ತದೆ. ಹೆಸರು ದೊಥ್ರಾಕಿ. ಮಾರ್ಟಿನ್ ಅವರಿಗಾಗಿ ಒಂದು ಭಾಷೆ ಇದೆ ಎಂದು ಹೇಳಿದರೇ ಹೊರತು ಆ ಭಾಷೆಯನ್ನು ಕಟ್ಟಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಅಲ್ಲೊಂದು ಇಲ್ಲೊಂದು ಪದ, ಒಂದೆರಡು ಪುಟ್ಟ ವಾಕ್ಯ, ಉಳಿದಂತೆ ಬರೀ ಹೆಸರುಗಳು. ಓದುಗರಿಗೆ ಅಷ್ಟು ಸಾಕಾಗಿತ್ತು. ಆದರೆ ಎಚ್‌ಬಿಒ ವಾಹಿನಿ ಅದನ್ನು ಧಾರಾವಾಹಿ ಮಾಡಲು ಹೊರಟಾಗ ಪಾತ್ರಗಳು ನಿಮಿಷಗಟ್ಟಲೆ ಆ ಭಾಷೆಯಲ್ಲಿ ಮಾತಾಡಬೇಕಾಯಿತು. 2009ರಲ್ಲಿ ಭಾಷೆ ಕಟ್ಟುವವರ ಸಂಘವೊಂದರ ಮೂಲಕ ಸ್ಪರ್ಧೆ ಏರ್ಪಟ್ಟಿತು. ಗೆದ್ದವರು ಭಾಷಾವಿಜ್ಞಾನ ಓದಿದ್ದ ಅಮೆರಿಕದ ಡೇವಿಡ್ ಪೀಟರ್ಸನ್. ಅವರು ಸಿದ್ಧಪಡಿಸಿದ್ದ ಪ್ರಸ್ತಾವ 300 ಪುಟ ದಾಟಿತ್ತು, ಪದಗಳು ಸುಮಾರು 1,700 ಇದ್ದವು.

ಅಷ್ಟು ಪದಗಳನ್ನು ಹುಟ್ಟಿಸುವುದು ದೊಡ್ಡ ಕೆಲಸವೇ. ಆದರೂ ಪದಪಟ್ಟಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಅದಕ್ಕೂ ಮೊದಲು ನಡೆದ ಕೆಲಸ. ಮಾರ್ಟಿನ್ ಕಿವಿಗೆ ಚೆಂದ ಕಂಡಂತೆ ಬರೆದಿಟ್ಟ ಹೆಸರುಗಳನ್ನು ಪೀಟರ್ಸನ್ ಶಾಸನ ಓದುವವರಂತೆ ಓದಿದರು. ಯಾವ ಧ್ವನಿ ಇದೆ, ಯಾವುದು ಇಲ್ಲ, ಯಾವುದು ಯಾವುದರ ಪಕ್ಕದಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದರು.

ಈ ಲೆಕ್ಕ ಹಾಕಲು ಬೇಕಾದ ಸಲಕರಣೆ ಕನ್ನಡ ಶಾಲೆಗೆ ಹೋದ ಪ್ರತಿ ಮಗುವಿನ ಕೈಯಲ್ಲೂ ಇರುತ್ತದೆ. ನಮ್ಮ ವರ್ಣಮಾಲೆಯ ವರ್ಗೀಯ ವ್ಯಂಜನಗಳು ಸುಮ್ಮನೆ ಸಾಲಾಗಿ ನಿಂತಿಲ್ಲ. ಕವರ್ಗ ಗಂಟಲ ಬಳಿ ಹುಟ್ಟುತ್ತದೆ, ಚವರ್ಗ ಅಂಗಳದಲ್ಲಿ, ಟವರ್ಗ ನಾಲಗೆ ಮಡಿಸಿದಾಗ, ತವರ್ಗ ಹಲ್ಲಿನ ಹಿಂದೆ, ಪವರ್ಗ ತುಟಿಯಲ್ಲಿ. ಒಂದೊಂದು ಸಾಲಿನೊಳಗೂ ಮತ್ತೆ ಕ್ರಮವಿದೆ: ಮೊದಲು ಕ, ಆಮೇಲೆ ಮಹಾಪ್ರಾಣ, ಆಮೇಲೆ ಕಂಪನ ಸೇರಿದ ಗ, ಕೊನೆಗೆ ಅನುನಾಸಿಕ. ಹೊಸ ಭಾಷೆ ಕಟ್ಟುವವರು ಮೊದಲು ಬರೆದುಕೊಳ್ಳುವುದು ಇಂಥದೇ ಕೋಷ್ಟಕವನ್ನು. ಇಂಗ್ಲಿಷಿನ ಎ-ಬಿ-ಸಿ ಕಲಿತವರು ಇದನ್ನು ಹೊಸದಾಗಿ ಕಲಿಯಬೇಕು. ನಮಗೆ ಅದು ಬಾಯಿಪಾಠ.

ಆ ಕೋಷ್ಟಕದಲ್ಲಿ ದೊಥ್ರಾಕಿಯನ್ನು ಕೂರಿಸಿದರೆ ಒಂದು ಖಾಲಿ ಜಾಗ ಎದ್ದು ಕಾಣುತ್ತದೆ. ಮಾರ್ಟಿನ್ ಬರೆದ ಪದಗಳಲ್ಲಿ ಪ ಮತ್ತು ಬ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರುವುದು ಪೋನೋ, ಭಾರ್ಬೋ ಎಂಬಂಥ ಕೆಲವು ವ್ಯಕ್ತಿನಾಮಗಳಲ್ಲಿ ಮಾತ್ರ. ಸ್ವರಗಳಲ್ಲಿ ಉಕಾರದ ಕಥೆಯೂ ಅದೇ. ಮಾರ್ಟಿನ್ ಇದನ್ನು ಯೋಚಿಸಿ ಮಾಡಿದ್ದರೋ, ಕೈಗೆ ಬಂದಂತೆ ಬರೆದಿದ್ದರೋ, ಪೀಟರ್ಸನ್ ಮಾತ್ರ ಆ ಖಾಲಿ ಜಾಗಕ್ಕೆ ಒಂದು ಚರಿತ್ರೆ ಕೊಟ್ಟರು. ಬಹಳ ಹಿಂದೆ ಈ ಭಾಷೆಯಲ್ಲಿ ಪ, ಬ ಇದ್ದವು. ಕಾಲ ಕಳೆದಂತೆ ಪ ಎಂಬುದು ಇಂಗ್ಲಿಷಿನ ಎಫ್‌ನಂಥ ಉಚ್ಚಾರಕ್ಕೂ, ಬ ಎಂಬುದು ವಕಾರಕ್ಕೂ ಜಾರಿತು. ಹಳೆಯ ಉಚ್ಚಾರ ಹೆಸರುಗಳಲ್ಲಿ ಮಾತ್ರ ಉಳಿದುಕೊಂಡಿತು.

ಕನ್ನಡಿಗರಿಗೆ ಇದು ತೀರಾ ಪರಿಚಿತ ಕಥೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೋಗು ಹೋಗು ಎಂದಾಯಿತು. ತಮಿಳರು ಇಂದಿಗೂ ಪಾಲ್, ಪುಲಿ, ಪೂ ಎನ್ನುತ್ತಾರೆ. ಹಳಗನ್ನಡದಿಂದ ನಡುಗನ್ನಡಕ್ಕೆ ಬರುವ ದಾರಿಯಲ್ಲಿ ನಮ್ಮ ಪಕಾರ ಹಕಾರವಾಯಿತು. ಸಂಸ್ಕೃತದಿಂದ ಬಹಳ ಹಿಂದೆ ಬಂದು ನಾಡವರ ಬಾಯಲ್ಲಿ ಪಳಗಿದ ಪರ್ವವೂ ಈ ಗಾಳಿಗೆ ಸಿಕ್ಕಿ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು. ಓದುಬರಹದ ಮೂಲಕ ಬಂದ ಪುಸ್ತಕ, ಪತ್ರ, ಪರ್ವತಗಳು ಹಾಗೇ ಉಳಿದವು. ಆದ್ದರಿಂದ ಇವತ್ತಿನ ಒಂದು ಸಾಮಾನ್ಯ ಕನ್ನಡ ವಾಕ್ಯದಲ್ಲೂ ಪಕಾರದಿಂದ ಶುರುವಾಗುವ ಪದ ಕಂಡರೆ, ಅದು ಹೊರಗಿನಿಂದ ಬಂದದ್ದೇ ಎಂಬ ಸಂಶಯ ಸಹಜ. ಅರಬ್ಬಿಯಲ್ಲೂ ಹಿಂದೆ ಇದ್ದ ಪಕಾರ ಎಫ್‌ಗೆ ತಿರುಗಿ, ಈಗ ಆ ಭಾಷೆಯಲ್ಲಿ ಪ ಇಲ್ಲ. ದೊಥ್ರಾಕಿಯ ಖಾಲಿ ಜಾಗ ನಂಬುವಂತಿರುವುದು ಇದಕ್ಕೇ. ನಿಜವಾದ ಭಾಷೆಗಳು ಧ್ವನಿ ಕಳೆದುಕೊಳ್ಳುವಾಗ ಹೀಗೇ ಕಳೆದುಕೊಳ್ಳುತ್ತವೆ, ಒಂದಕ್ಕೊಂದು ಸಂಬಂಧವಿರುವ ಧ್ವನಿಗಳು ಜೊತೆಯಾಗಿ.

ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಮಾರ್ಕ್ ಓಕ್ರಾಂಡ್ ಹಿಡಿದಿದ್ದರು. ‘ಸ್ಟಾರ್ ಟ್ರೆಕ್’ ಸರಣಿಯ 1984ರ ಚಿತ್ರಕ್ಕಾಗಿ ಅವರು ಕಟ್ಟಿದ ಕ್ಲಿಂಗಾನ್ ಭಾಷೆಯಲ್ಲಿ ನಮ್ಮ ಡಕಾರ ಇದೆ, ಆದರೆ ಅದರ ಜೋಡಿಯಾದ ಟಕಾರ ಇಲ್ಲ. ಮೂರ್ಧನ್ಯ ಷ ಇದೆ, ಸಾದಾ ಸಕಾರ ಇಲ್ಲ. ಗಂಟಲಿನ ಆಳದಲ್ಲಿ ಹುಟ್ಟುವ ಧ್ವನಿಗಳಿವೆ, ಸಾದಾ ಕ ಇಲ್ಲ. ಕೋಷ್ಟಕದಲ್ಲಿ ಅಲ್ಲಲ್ಲಿ ಬೇಕೆಂದೇ ತೂತು ಕೊರೆದಂತಿದೆ. ಕ್ಲಿಂಗಾನರು ಮನುಷ್ಯರಲ್ಲ, ಆದ್ದರಿಂದ ಅವರ ಭಾಷೆಯೂ ಮನುಷ್ಯರ ಭಾಷೆಗಳ ಪದ್ಧತಿ ಮುರಿಯಬೇಕು ಎಂಬುದು ಓಕ್ರಾಂಡ್ ಅವರ ಲೆಕ್ಕ. ವಾಕ್ಯದಲ್ಲೂ ಹಾಗೆಯೇ ಮಾಡಿದರು: ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ಲೋಕದ ಭಾಷೆಗಳಲ್ಲಿ ಇದು ಅತಿ ಅಪರೂಪದ ಕ್ರಮ. ಅನ್ಯಗ್ರಹದವರಿಗೆ ಇದು ಒಪ್ಪುತ್ತದೆ. ಅದೇ ಕ್ರಮವನ್ನು ಬೆಟ್ಟದ ಬುಡದ ಕುರಿಗಾಹಿಗಳ ಬಾಯಿಗೆ ಹಾಕಿದರೆ ಓದುಗರಿಗೆ ಅಲ್ಲಿ ಬೆಟ್ಟವೂ ಕಾಣುವುದಿಲ್ಲ, ಕುರಿಯೂ ಕಾಣುವುದಿಲ್ಲ.

ಧ್ವನಿಗಳ ಆಯ್ಕೆ ಮುಗಿದ ಮೇಲೆ ಅವು ಹೇಗೆ ಕೂಡುತ್ತವೆ ಎಂಬುದನ್ನು ತೀರ್ಮಾನಿಸಬೇಕು. ಬಹಳ ಜನ ಹವ್ಯಾಸಿಗಳು ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ವ್ಯಂಜನ ಒಗ್ಗುವುದಿಲ್ಲ; ಬಸ್ ಬಂದರೆ ಬಸ್ಸಾಗುತ್ತದೆ, ರೋಡ್ ರೋಡಾಗುತ್ತದೆ, ಸ್ಕೂಲ್ ಹಳ್ಳಿಗೆ ಹೋದರೆ ಇಸ್ಕೂಲಾಗುತ್ತದೆ. ಧ್ವನಿಗಳ ಪಟ್ಟಿ ಒಂದೇ ಇದ್ದರೂ ಜೋಡಣೆಯ ಈ ನಿಯಮ ಒಂದು ಭಾಷೆಯ ಚಹರೆಯನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ದೊಥ್ರಾಕಿಯಲ್ಲಿ ಪದದ ಮೊದಲಿಗೇ ಹಕಾರ ರೇಫೆ ಕೂಡಬಹುದು: ಕುದುರೆಗೆ ಹ್ರಜೆಫ್ ಎನ್ನುತ್ತಾರೆ. ಹಕಾರ ಲಕಾರವೂ ಕೂಡಬಹುದು: ಕರಡಿಗೆ ಹ್ಲಿಜಿಫ್. ಈ ಎರಡು ಪದ ಕೇಳಿಸಿಕೊಂಡವರು ಮೂರನೆಯದನ್ನು ಕೇಳಿದಾಗ ಅದೂ ಅದೇ ಊರಿನದೆಂದು ಗುರುತು ಹಿಡಿಯುತ್ತಾರೆ, ಅರ್ಥ ಗೊತ್ತಿಲ್ಲದಿದ್ದರೂ.

ವ್ಯಾಕರಣದ ವಿಷಯದಲ್ಲೂ ಪೀಟರ್ಸನ್ ಕೈಯಲ್ಲಿದ್ದದ್ದು ತುಣುಕುಗಳೇ. ಕಾದಂಬರಿಯಲ್ಲಿ ಗರ್ಭಿಣಿ ರಾಣಿ ತನ್ನೊಳಗೆ ರಾಜಕುಮಾರ ಸವಾರಿ ಮಾಡುತ್ತಿದ್ದಾನೆ ಎಂದು ಹೇಳುವ ಒಂದು ಪುಟ್ಟ ವಾಕ್ಯವಿದೆ. ಅದರಲ್ಲಿ ಮೊದಲು ಬರುವುದು ರಾಜಕುಮಾರ, ಆಮೇಲೆ ಸವಾರಿಯ ಕ್ರಿಯಾಪದ, ಕೊನೆಗೆ ‘ನನ್ನೊಳಗೆ’. ‘ಒಳಗೆ’ ಎಂಬ ತುಣುಕು ‘ನಾನು’ ಎಂಬುದಕ್ಕಿಂತ ಮೊದಲು ಅಂಟಿಕೊಂಡಿದೆ. ಇನ್ನೊಂದು ಕಡೆ ‘ಗಟ್ಟಿಮುಟ್ಟಾದ ಹುಡುಗ’ ಎಂಬಲ್ಲಿ ಹುಡುಗ ಮೊದಲು, ಗಟ್ಟಿಮುಟ್ಟು ಆಮೇಲೆ. ಇಷ್ಟರಿಂದ ಮೂರು ವಿಷಯ ಸಿಕ್ಕವು: ಕ್ರಿಯಾಪದ ನಡುವೆ, ಸಂಬಂಧ ಹೇಳುವ ಮಾತು ನಾಮಪದದ ಮುಂದೆ, ವಿಶೇಷಣ ನಾಮಪದದ ಹಿಂದೆ.

ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಒಂದು ದಾರಿ ಇದೆ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಹಲವು ಭಾಷೆಗಳನ್ನು ಹೋಲಿಸಿ ಬರೆದ ಪ್ರಬಂಧದಲ್ಲಿ ಇಂಥ ಜೊತೆಗಾರಿಕೆಗಳನ್ನು ಎತ್ತಿ ತೋರಿಸಿದರು. ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಮನೆಯ ಒಳಗೆ’, ‘ಮರದ ಮೇಲೆ’ ಎಂದು ಸಂಬಂಧದ ಮಾತು ಹಿಂದೆ ಬರುವುದು ವಾಡಿಕೆ. ಕ್ರಿಯಾಪದ ನಡುವೆ ಅಥವಾ ಮೊದಲು ಬರುವ ಭಾಷೆಗಳಲ್ಲಿ ಅದು ಸಾಮಾನ್ಯವಾಗಿ ಮುಂದೆ ಬರುತ್ತದೆ. ಮಾರ್ಟಿನ್ ಅವರ ತುಣುಕುಗಳು ಈ ಎರಡನೆಯ ಗುಂಪಿಗೆ ಸಲೀಸಾಗಿ ಸೇರಿದವು. ಹೊಂದದಿದ್ದರೆ ಭಾಷೆ ಅಸಾಧ್ಯ ಎಂದೇನಲ್ಲ. ಆದರೆ ಏಕೆ ಹೊಂದಲಿಲ್ಲ ಎಂಬುದಕ್ಕೆ ಕಟ್ಟುವವರ ಬಳಿ ಕಾರಣ ಇರಬೇಕು.

ತುಣುಕುಗಳು ಸುಮ್ಮನಿದ್ದ ಕಡೆ ಪೀಟರ್ಸನ್ ಅವರಿಗೆ ಸ್ವಾತಂತ್ರ್ಯವಿತ್ತು. ಅವರು ನಾಮಪದಗಳನ್ನು ಜೀವವುಳ್ಳವು, ಜೀವವಿಲ್ಲದವು ಎಂದು ಎರಡು ಪಂಗಡ ಮಾಡಿದರು. ಮೊದಲನೆಯವಕ್ಕೆ ಬಹುವಚನ ಉಂಟು, ಎರಡನೆಯವಕ್ಕೆ ಇಲ್ಲ. ದೊಥ್ರಕ್ ಎಂದರೆ ಸವಾರ, ದೊಥ್ರಾಕಿ ಎಂದರೆ ಸವಾರರು. ಜನಾಂಗದ ಹೆಸರೇ ಒಂದು ಬಹುವಚನ. ಇಂಗ್ಲಿಷ್ ಓದುಗರಿಗೆ ಈ ಪಂಗಡ ವಿಚಿತ್ರವೆನಿಸಬಹುದು. ಕನ್ನಡದಲ್ಲಿ ನಾವು ದಿನಾ ಇದರ ಹತ್ತಿರದ್ದೊಂದನ್ನು ಮಾಡುತ್ತೇವೆ. ಅಂಗಡಿಯಲ್ಲಿ ‘ಐದು ಪೆನ್ನು ಕೊಡಿ’ ಎನ್ನುತ್ತೇವೆಯೇ ಹೊರತು ‘ಐದು ಪೆನ್ನುಗಳನ್ನು ಕೊಡಿ’ ಎಂದರೆ ಮಾತು ಪುಸ್ತಕದ್ದಾಗುತ್ತದೆ. ಮನುಷ್ಯರ ವಿಷಯ ಬಂದಾಗ ಮಾತ್ರ ‘ಐವರು ಹುಡುಗಿಯರು’ ಎಂದು ಸಂಖ್ಯೆಯ ರೂಪವೇ ಬದಲಾಗುತ್ತದೆ. ‘ಅವರು’ ಮತ್ತು ‘ಅವು’ ಬೇರೆ. ಯಾವುದನ್ನು ವ್ಯಾಕರಣ ಎಣಿಕೆಗೆ ತೆಗೆದುಕೊಳ್ಳುತ್ತದೆ, ಯಾವುದನ್ನು ಹಾಗೇ ಬಿಡುತ್ತದೆ ಎಂಬುದು ಮಾತಾಡುವವರ ಗಮನಕ್ಕೇ ಬರುವುದಿಲ್ಲ. ಕಲ್ಪಿತ ಸಂಸ್ಕೃತಿಗೆ ಆಳ ಬರುವುದು ಇಂಥ, ಯಾರೂ ಕಾರಣ ಹೇಳದ ಜಾಗಗಳಿಂದ.

ಹೊರಗೆ ಕಾಣುವ ಪದಗಳಲ್ಲಿ ಕುದುರೆಯ ಬದುಕು ನೇರವಾಗಿಯೇ ಇದೆ. ‘ಚೆನ್ನಾಗಿದ್ದೀರಾ?’ ಎನ್ನುವ ಕಡೆ ದೊಥ್ರಾಕಿಗಳು ‘ಹಶ್ ಯೇರ್ ದೊಥ್ರಎ ಚೆಕ್?’ ಎನ್ನುತ್ತಾರೆ. ಹಶ್ ಪ್ರಶ್ನೆಯ ಗುರುತು, ಯೇರ್ ನೀನು, ದೊಥ್ರಎ ಸವಾರಿ ಮಾಡುತ್ತೀ, ಚೆಕ್ ಚೆನ್ನಾಗಿ. ನಮ್ಮಲ್ಲಿ ಪ್ರಶ್ನೆಯ ‘ಆ’ ವಾಕ್ಯದ ಕೊನೆಗೆ ಕ್ರಿಯಾಪದಕ್ಕೆ ಅಂಟುತ್ತದೆ, ಅಲ್ಲಿ ಪ್ರಶ್ನೆ ಮೊದಲ ಪದದಲ್ಲೇ ಗೊತ್ತಾಗುತ್ತದೆ. ಹೊರಗಿನವನಿಗೆ ಅವರು ಇಫಕ್ ಎನ್ನುತ್ತಾರೆ. ಪದದ ಅರ್ಥ ನಡೆಯುವವನು, ಅಂದರೆ ಕುದುರೆ ಇಲ್ಲದವನು.

ಒಂದು ಮೂಲದಿಂದ ಹಲವು ಪದ ಹುಟ್ಟಿಸುವ ವ್ಯವಸ್ಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಕನ್ನಡ ದೊಡ್ಡದರಿಂದ ದೊಡ್ಡತನ ಮಾಡುವಾಗ ಪ್ರತ್ಯಯ ಹಿಂದೆ ಸೇರುತ್ತದೆ. ದೊಥ್ರಾಕಿ ಮುಂದೆ ‘ಅಥ್’, ಹಿಂದೆ ‘ಅರ್’ ಸೇರಿಸಿ ಪದವನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳುತ್ತದೆ. ದ್ರಿವತ್ ಎಂದರೆ ಸತ್ತಿರುವುದು, ಅಥ್‌ದ್ರಿವರ್ ಸಾವು. ಝಿಲತ್ ಪ್ರೀತಿಸುವುದು, ಅಥ್‌ಝಿಲರ್ ಪ್ರೀತಿ. ಇನ್ನು ಜಹಕ್ ಎಂದರೆ ಯೋಧ ಬಿಡುವ ಉದ್ದ ಜಡೆ; ಸೋತವನು ಅದನ್ನು ಕತ್ತರಿಸಿಕೊಳ್ಳಬೇಕು. ಅದೇ ಅಪ್ಪುಗೆಯಲ್ಲಿ ಜಡೆಯನ್ನು ಇಟ್ಟರೆ ಅಥ್‌ಜಹಕರ್, ಹೆಮ್ಮೆ. ಹಾಗೆಯೇ ‘ಇದೋ’ ಎಂದರೆ ಮರದ್ದು, ಸುಳ್ಳಿನದು. ಕನಸು ಕಾಣುವುದಕ್ಕೆ ಅವರ ಮಾತು ‘ಮರದ ಬದುಕು ಬದುಕುವುದು’. ಲೋಹದ ಕತ್ತಿ ಹಿಡಿದು ಬದುಕುವ ಜನರಿಗೆ ಮರದ ಕತ್ತಿ ಆಟದ್ದು. ಆ ಸಂಗತಿಯನ್ನು ಯಾವ ಪಾತ್ರವೂ ವಿವರಿಸಬೇಕಾಗಿಲ್ಲ.

ಈ ಭಾಷೆಯ ಬಗ್ಗೆ ಹೆಚ್ಚು ಪ್ರಚಾರವಾದ ಸಂಗತಿ ಬೇರೆ: ಅದರಲ್ಲಿ ಇಂಗ್ಲಿಷಿನ ಪ್ಲೀಸ್ ಎಂಬುದಕ್ಕೆ ಪದವಿಲ್ಲ. ಒರಟು ಜನ, ಆದ್ದರಿಂದ ವಿನಯದ ಪದವಿಲ್ಲ ಎಂಬ ತೀರ್ಮಾನಕ್ಕೆ ಅನೇಕರು ಜಿಗಿದರು. ಇದು ಒಪ್ಪುವ ಮಾತಲ್ಲ. ಕಿರಾಣಿ ಅಂಗಡಿಯಲ್ಲಿ ‘ದಯವಿಟ್ಟು ಅರ್ಧ ಕಿಲೋ ಬೇಳೆ’ ಎಂದು ಯಾವ ಕನ್ನಡಿಗರೂ ಕೇಳುವುದಿಲ್ಲ. ‘ದಯವಿಟ್ಟು’ ಇರುವುದು ಫಲಕಗಳಲ್ಲಿ, ಅರ್ಜಿಗಳಲ್ಲಿ. ನಮ್ಮ ವಿನಯ ಕ್ರಿಯಾಪದದಲ್ಲಿದೆ: ಕೊಡು ಎಂಬುದಕ್ಕೂ ಕೊಡಿ ಎಂಬುದಕ್ಕೂ ‘ಕೊಡ್ತೀರಾ’ ಎಂಬುದಕ್ಕೂ ಇರುವ ಅಂತರದಲ್ಲಿ, ಉತ್ತರ ಕರ್ನಾಟಕದ ‘ರೀ’ಯಲ್ಲಿ. ದೊಥ್ರಾಕಿಯಲ್ಲೂ ‘ಯೇರ್’ ಜೊತೆಗೆ ಗೌರವದ ‘ಶಫ್ಕ’ ಇದೆ, ನಮ್ಮ ನೀನು-ನೀವುಗಳ ಹಾಗೆ. ಒಂದು ಪದ ಇಲ್ಲದಿರುವುದರಿಂದ ಒಂದು ಜನಾಂಗದ ಸ್ವಭಾವ ತಿಳಿಯುವುದಿಲ್ಲ; ಆ ಕೆಲಸವನ್ನು ಭಾಷೆ ಬೇರೆ ಎಲ್ಲಿ ಮಾಡುತ್ತಿದೆ ಎಂದು ನೋಡಬೇಕು. ಭಾಷೆ ಕಟ್ಟುವವರೂ ಪದ ತೆಗೆದುಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು, ತಮ್ಮದೇ ಭಾಷೆಗೆ ಹೊಸ ಪದಗಳ ಅಂಗಿ ತೊಡಿಸುವುದು. ಕನ್ನಡದ ಲೇಖಕರೊಬ್ಬರು ಒಂದು ಕಾಡಿನ ಜನರಿಗೆ ಭಾಷೆ ಕಟ್ಟುತ್ತಾರೆ ಎನ್ನಿ. ‘ನನಗೆ ಹಸಿವಾಗಿದೆ’ ಎಂಬುದನ್ನು ಅವರು ತಮ್ಮ ಹೊಸ ಪದಗಳಲ್ಲಿ ಹೇಳುವಾಗ ‘ನನಗೆ’ ಎಂಬುದಕ್ಕೆ ಒಂದು ಪದ, ‘ಹಸಿವು’ ಎಂಬುದಕ್ಕೆ ಒಂದು, ‘ಆಗಿದೆ’ ಎಂಬುದಕ್ಕೆ ಒಂದು ಇಟ್ಟರೆ ಅಲ್ಲಿ ಹೊಸ ಭಾಷೆ ಇಲ್ಲ. ಹಸಿವು ನಮಗೆ ಬಂದು ತಗಲುವಂಥದು ಎಂಬುದು ಕನ್ನಡದ ಕಲ್ಪನೆ. ಇಂಗ್ಲಿಷಿನಲ್ಲಿ ಮನುಷ್ಯ ಹಸಿದವನಾಗಿರುತ್ತಾನೆ, ಸ್ಪ್ಯಾನಿಷಿನಲ್ಲಿ ಹಸಿವನ್ನು ಹೊಂದಿರುತ್ತಾನೆ. ಕಾಡಿನ ಜನ ಇವುಗಳಲ್ಲಿ ಯಾವ ದಾರಿ ಹಿಡಿಯುತ್ತಾರೆ? ಪತ್ತೆ ಹಚ್ಚುವ ಉಪಾಯ ಸುಲಭ. ಹತ್ತು ವಾಕ್ಯ ಬರೆದು, ಪ್ರತಿ ತುಣುಕಿನ ಕೆಳಗೆ ಅದರ ಅರ್ಥ ಬರೆಯಬೇಕು. ಕೆಳಗಿನ ಸಾಲು ಓದಿದಾಗ ಸರಾಗವಾದ ಕನ್ನಡ ಕೇಳಿಸಿದರೆ ಮೇಲಿನ ಸಾಲು ಬರೀ ಸಂಕೇತ. ‘ನಾವು’ ಎಂಬುದನ್ನೂ ಹೀಗೇ ಪರೀಕ್ಷಿಸಬಹುದು. ಕೇಳುತ್ತಿರುವವರನ್ನು ಸೇರಿಸಿಕೊಂಡ ನಾವು ತೆಲುಗಿನಲ್ಲಿ ಮನಂ, ಅವರನ್ನು ಬಿಟ್ಟ ನಾವು ಮೇಮು. ಯಾರು ನಮ್ಮವರು ಎಂಬ ಪ್ರಶ್ನೆಯೇ ಕಥೆಯ ತಿರುಳಾದ ಬುಡಕಟ್ಟಿಗೆ ಈ ವ್ಯತ್ಯಾಸ ದೊಡ್ಡ ಅಸ್ತ್ರವಾಗುತ್ತದೆ.

ದಕ್ಷಿಣ ಭಾರತದ ಪ್ರೇಕ್ಷಕರಿಗೆ ಗೊತ್ತಿರುವ ಉದಾಹರಣೆ 2015ರ ‘ಬಾಹುಬಲಿ’ಯ ಕಾಲಕೇಯರ ಕಿಲಿಕಿ. ತಮಿಳು ಕವಿ ಮದನ್ ಕಾರ್ಕಿ ಅದಕ್ಕೆ ಆಧಾರವಾಗಿ ತೆಗೆದುಕೊಂಡದ್ದು, ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಗ ಮಕ್ಕಳ ಆಟಕ್ಕೆಂದು ತಾವೇ ಕಟ್ಟಿದ್ದ ಭಾಷೆಯನ್ನು. ಅದರಲ್ಲಿ ನಾನು ಎಂಬುದು ಮಿನ್, ನೀನು ಎಂಬುದು ಅದನ್ನೇ ತಿರುಗಿಸಿದ ನಿಮ್. ಇಂಥ ಕನ್ನಡಿಯಾಟ ಸಹಜ ಭಾಷೆಗಳು ಬೆಳೆಯುವ ದಾರಿಯಲ್ಲ. ಆದರೆ ಯುದ್ಧದ ಕೆಲವು ದೃಶ್ಯಗಳಲ್ಲಿ ಬಂದು ಹೋಗುವ ಭಾಷೆಗೆ ಒಂದೇ ಸಲ ಕೇಳಿ ನೆನಪಿಟ್ಟುಕೊಳ್ಳುವ ಗುಣ ಮುಖ್ಯ, ಮತ್ತು ಕಿಲಿಕಿ ಆ ಪರೀಕ್ಷೆಯಲ್ಲಿ ಗೆದ್ದಿತು.

ಚರಿತ್ರೆ ಇರುವ ಭಾಷೆ ಹೇಗೆ ಬೆಳೆಯುತ್ತದೆ ಎಂಬುದನ್ನು ಚಿಕ್ಕದೊಂದು ಪ್ರಯೋಗದಲ್ಲೇ ನೋಡಬಹುದು. ಸಮುದ್ರದ ಬದಿಯಲ್ಲಿ ಉಪ್ಪು ಬೆಳೆಯುವ ಒಂದು ಕಲ್ಪಿತ ಜನ. ಅವರ ಹಳೆಯ ಭಾಷೆಗೆ ಪ, ತ, ಕ, ಮ, ನ, ಸ, ಲ ಎಂಬ ಏಳು ವ್ಯಂಜನ. ಅ, ಇ, ಉ ಎಂಬ ಮೂರು ಸ್ವರ. ಪ್ರತಿ ಅಕ್ಷರವೂ ಒಂದು ವ್ಯಂಜನ, ಒಂದು ಸ್ವರ, ಅಷ್ಟೇ. ಉಪ್ಪು ಕಿತ, ದೋಣಿ ಮುಕ, ಬಲೆ ಲತ. ಬಹುವಚನ ಮಾಡಲು ಕೊನೆಯ ಸ್ವರವನ್ನು ಇಕಾರ ಮಾಡಬೇಕು: ಬಲೆಗಳು ಲತಿ, ದೋಣಿಗಳು ಮುಕಿ. ಇಲ್ಲಿಯವರೆಗೆ ಎಲ್ಲ ನೇರ, ಸ್ವಲ್ಪ ನೀರಸವೂ ಹೌದು.

ಈಗ ಒಂದೇ ಒಂದು ಬದಲಾವಣೆ: ಇಕಾರದ ಮುಂದೆ ಬಂದ ಕಕಾರ ಚಕಾರವಾಗುತ್ತದೆ. ಇದು ಕಟ್ಟುಕಥೆಯಲ್ಲ, ದ್ರಾವಿಡ ಭಾಷೆಗಳಲ್ಲೇ ನಡೆದದ್ದು. ಕನ್ನಡದಲ್ಲಿ ಕಿವಿ ಇರುವ ಕಡೆ ತೆಲುಗಿನಲ್ಲಿ ಚೆವಿ ಇದೆ. ಬದಲಾವಣೆ ಕರಾವಳಿಯಲ್ಲಿ ಮಾತ್ರ ನಡೆಯಿತು, ಬಹಳ ಹಿಂದೆ ಬೆಟ್ಟ ಹತ್ತಿದ ಕವಲಿಗೆ ತಲುಪಲಿಲ್ಲ ಎಂದುಕೊಳ್ಳೋಣ. ಕೂಡಲೇ ಉಪ್ಪಿಗೆ ಬೆಟ್ಟದಲ್ಲಿ ಕಿತ, ಕರಾವಳಿಯಲ್ಲಿ ಚಿತ. ಸಂತೆಯಲ್ಲಿ ಒಂದು ಪದ ಆಡಿದರೆ ಸಾಕು, ಯಾರು ಎಲ್ಲಿಯವರೆಂದು ಗೊತ್ತಾಗುತ್ತದೆ. ಕರಾವಳಿಯಲ್ಲಿ ಬಲೆ ಲತ, ಬಲೆಗಳು ಲತಿ ಎಂದು ಸರಿಯಾಗಿಯೇ ಇದೆ. ದೋಣಿ ಮಾತ್ರ ಮುಕ, ದೋಣಿಗಳು ಮುಚಿ. ಇಲ್ಲದ ಅಪವಾದವೊಂದು ತಾನಾಗಿ ಹುಟ್ಟಿತು. ಅಲ್ಲಿನ ಮಕ್ಕಳು ಮೊದಮೊದಲು ‘ಮುಕಿ’ ಎಂದು ತಪ್ಪಾಗಿ ಹೇಳಿ ತಿದ್ದಿಸಿಕೊಳ್ಳುತ್ತಾರೆ. ಬದಲಾವಣೆ ನಿಂತುಹೋದ ಮೇಲೆ ಹೊರಗಿನ ವ್ಯಾಪಾರಿಗಳು ಸಾಲಕ್ಕೆ ‘ಕಿಲು’ ಎಂಬ ಪದ ತಂದರು. ಅದು ಚಿಲು ಆಗಲಿಲ್ಲ. ಆದ್ದರಿಂದ ಈ ಜನರ ಮಾತಿನಲ್ಲಿ ‘ಕಿ’ ಕೇಳಿದ ಕಡೆಯೆಲ್ಲ ಹೊರಗಿನವರ ಹೆಜ್ಜೆ ಇದೆ, ನಮ್ಮ ‘ಹಬ್ಬ’ದ ಪಕ್ಕದಲ್ಲಿ ‘ಪರ್ವ’ ನಿಂತಿರುವ ಹಾಗೆ.

ಇಲ್ಲಿ ಎಚ್ಚರ ತಪ್ಪುವುದು ಕ್ರಮದಲ್ಲಿ. ಯಾವ ಬದಲಾವಣೆ ಮೊದಲು, ಯಾವ ಪದ ಆಮೇಲೆ ಬಂತು ಎಂದು ಬರೆದಿಡದಿದ್ದರೆ ನೂರು ಪದ ದಾಟುವಷ್ಟರಲ್ಲಿ ಕಿತವೂ ಚಿತವೂ ಒಂದೇ ಪಾತ್ರದ ಬಾಯಲ್ಲಿ ಬಂದುಬಿಡುತ್ತವೆ. ಬದಲಾವಣೆಗಳನ್ನು ಒಂದರ ಮೇಲೊಂದು ಪೇರಿಸುವ ಚಟವೂ ಅಪಾಯಕಾರಿ. ಎರಡು ಮೂರಕ್ಕೆ ನಿಲ್ಲಿಸದಿದ್ದರೆ ಅಣ್ಣತಮ್ಮ ಪದಗಳ ಸಂಬಂಧ ಓದುಗರಿಗೆ ಕಾಣಿಸದಷ್ಟು ದೂರವಾಗುತ್ತದೆ, ಆಗ ಪಟ್ಟ ಶ್ರಮವೆಲ್ಲ ಕಟ್ಟಿದವರ ಟಿಪ್ಪಣಿ ಪುಸ್ತಕದಲ್ಲೇ ಉಳಿಯುತ್ತದೆ.

ಕೊನೆಯ ತೊಡಕು ಬರವಣಿಗೆಯದು. ದೊಥ್ರಾಕಿಯಲ್ಲಿ ಪಕ್ಕಪಕ್ಕದ ಸ್ವರಗಳನ್ನು ಬೇರೆಬೇರೆಯಾಗಿ ಉಚ್ಚರಿಸಬೇಕು ಎಂದು ಪೀಟರ್ಸನ್ ನಿಯಮ ಮಾಡಿದ್ದರು. ಅದರ ಪ್ರಕಾರ ರಾಣಿಯ ಬಿರುದು ‘ಖಲೆಎಸಿ’, ಒತ್ತು ಮೊದಲ ಅಕ್ಷರದ ಮೇಲೆ. ಖಕಾರವೂ ನಮ್ಮ ಮಹಾಪ್ರಾಣವಲ್ಲ, ಗಂಟಲು ಉಜ್ಜಿ ಬರುವ ಉರ್ದುವಿನ ‘ಖಬರ್’ನದು. ಆದರೆ ಮಾರ್ಟಿನ್ ಬರೆದ ರೋಮನ್ ಕಾಗುಣಿತದಲ್ಲಿ ಎರಡು ‘ಇ’ ಅಕ್ಷರ ನೋಡಿದ ಇಂಗ್ಲಿಷಿನವರ ಕಣ್ಣು ಅದನ್ನು ಈಕಾರ ಎಂದೇ ಓದಿತು. ಧಾರಾವಾಹಿಯ ನಟರು ಕಲೀಸಿ ಎಂದರು, ಪ್ರೇಕ್ಷಕರೂ ಹಾಗೇ ಕಲಿತರು, ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ತಂದೆತಾಯಂದಿರು ಹೆಣ್ಣುಮಕ್ಕಳಿಗೆ ಅದೇ ಉಚ್ಚಾರದಲ್ಲಿ ಆ ಹೆಸರಿಟ್ಟರು. ಇದು ತಪ್ಪು ಉಚ್ಚಾರ ಎಂದು ಪೀಟರ್ಸನ್ ಹಲವು ಸಲ ಹೇಳಿದ್ದಾರೆ.